ಆರು ಮಕ್ಕಳ ಸರಾಸರಿ

ಸರಾಸರಿ ಅನ್ನೋದು ನೋಡೋಕೆ ತುಂಬಾ ಸಾಧು ಪ್ರಾಣಿ. ಎಲ್ಲಾ ಕೂಡಿಸು, ಎಷ್ಟು ಜನ ಇದಾರೋ ಅಷ್ಟರಿಂದ ಭಾಗಿಸು, ಮುಗೀತು. ಆದರೆ ಭಾಗಿಸಿದ ಮೇಲೆ ಒಂದು ವಿಷಯ ಸದ್ದಿಲ್ಲದೆ ಮಾಯವಾಗಿಬಿಡುತ್ತೆ. ಎಷ್ಟು ಜನರ ಸರಾಸರಿ ಇದು ಅನ್ನೋದು! 6 ಜನರ 49 ಕೂಡ 49ರ ಹಾಗೇ ಕಾಣುತ್ತೆ, 52 ಜನರ 49 ಕೂಡ 49ರ ಹಾಗೇ ಕಾಣುತ್ತೆ. ನೋಟೀಸ್ ಬೋರ್ಡಿನ ಮೇಲೆ ಎರಡಕ್ಕೂ ಒಂದೇ ಮರ್ಯಾದೆ.

ಇದು ಯಾಕೆ ತಲೆಗೆ ಹತ್ತಿತು ಅಂದ್ರೆ, ನಮ್ಮ ಅಕ್ಕ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಅವಳದ್ದು ಹತ್ತನೇ ಕ್ಲಾಸಿನ ಸಿ ಸೆಕ್ಷನ್, ಕನ್ನಡ ಮಾಧ್ಯಮ. ಈಗ ಅದರಲ್ಲಿ ಉಳಿದಿರೋದು 6 ಮಕ್ಕಳು. ಎ ಮತ್ತು ಬಿ ಇಂಗ್ಲಿಷ್ ಮಾಧ್ಯಮ, 52 ಮತ್ತು 48 ಮಕ್ಕಳು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಎ ಸೆಕ್ಷನ್ನಿನ ಸರಾಸರಿ 63, ಬಿ 60, ಸಿ 49. ಇಡೀ ಹೈಸ್ಕೂಲಿನ ಸರಾಸರಿ 61. ಅಕ್ಕನಿಗೆ ಮ್ಯಾನೇಜ್‌ಮೆಂಟಿನಿಂದ ಒಂದು ಪತ್ರ ಬಂತು: ಸರಾಸರಿಗಿಂತ 12 ಅಂಕ ಕಡಿಮೆ ಯಾಕಾಯ್ತು, ಲಿಖಿತವಾಗಿ ಸಮಜಾಯಿಷಿ ಕೊಡಿ ಅಂತ. ತಮಾಷೆ ಏನಂದ್ರೆ ಹೋದ ವರ್ಷ ಇದೇ ಸಿ ಸೆಕ್ಷನ್ನಿನ 5 ಮಕ್ಕಳು 74 ಸರಾಸರಿ ತಂದಿದ್ದಕ್ಕೆ ಇದೇ ಮ್ಯಾನೇಜ್‌ಮೆಂಟ್ ಅವಳಿಗೆ ಪ್ರಾರ್ಥನೆ ಹೊತ್ತಲ್ಲಿ ಶಾಲು ಹೊದೆಸಿತ್ತು. ಒಂದೇ ವರ್ಷದಲ್ಲಿ ಟೀಚರು ಅಷ್ಟು ಕೆಟ್ಟುಹೋದ್ರಾ?

ಆ 6 ಮಕ್ಕಳ ಅಂಕ ಕೇಳಿ ನೋಡಿ: 72, 61, 58, 52, 42, 9. ಆ 9 ತಗೊಂಡ ಹುಡುಗ ಡೆಂಗಿಯಿಂದ ಎದ್ದು ನಾಲ್ಕು ದಿನಕ್ಕೆ ಪರೀಕ್ಷೆಗೆ ಕೂತಿದ್ದ. ಅವನನ್ನ ಬಿಟ್ಟು ಲೆಕ್ಕ ಹಾಕಿದ್ರೆ ಸರಾಸರಿ 57! ಒಬ್ಬ ಹುಡುಗನ ಜ್ವರ ಇಡೀ ಸೆಕ್ಷನ್ನನ್ನ 8 ಅಂಕ ಕೆಳಗೆ ಎಳೀತು. ಅದೇ ಹುಡುಗ ಎ ಸೆಕ್ಷನ್ನಿನಲ್ಲಿ ಇದ್ದಿದ್ರೆ? 52 ಜನರ ಸರಾಸರಿ ಹೆಚ್ಚೂಕಮ್ಮಿ 1 ಅಂಕ ಇಳೀತಿತ್ತು. ಯಾರಿಗೂ ಗೊತ್ತೇ ಆಗ್ತಿರಲಿಲ್ಲ.

ಹಾಗಂತ ಜ್ವರ ಬಂದವನನ್ನ ಲೆಕ್ಕದಿಂದ ತೆಗೆಯೋದು ಪರಿಹಾರ ಅಲ್ಲ. ಒಬ್ಬನನ್ನ ತೆಗೆದ್ರೆ ಇನ್ನೊಬ್ಬನಿಗೂ ಒಂದು ಕಾರಣ ಸಿಗುತ್ತೆ. ಮೇಲಾಗಿ ಹೋದ ವರ್ಷದ 74ರಲ್ಲಿ ಟ್ಯೂಷನ್ನಿಗೆ ಹೋಗ್ತಿದ್ದ ಒಬ್ಬ ಜಾಣೆ ಇದ್ದಳಲ್ಲ, ಅವಳನ್ನೂ ತೆಗೀಬೇಕಾಗುತ್ತೆ. ಸಣ್ಣ ಗುಂಪಿನ ಸರಾಸರಿ ಎರಡೂ ಕಡೆ ಜಿಗಿಯುತ್ತೆ, ಅದು ಅದರ ಸ್ವಭಾವ. ಹೋವರ್ಡ್ ವೇನರ್ ಅನ್ನೋ ಸಂಖ್ಯಾಶಾಸ್ತ್ರಜ್ಞರು 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 1,662 ಶಾಲೆಗಳ ಐದನೇ ಕ್ಲಾಸಿನ ಅಂಕಗಳನ್ನಿಟ್ಟುಕೊಂಡು ಇದನ್ನೇ ತೋರಿಸಿದ್ದರು. ಅತಿ ಸಣ್ಣ 50 ಶಾಲೆಗಳು ಒಟ್ಟು ಶಾಲೆಗಳಲ್ಲಿ 3 ಪರ್ಸೆಂಟು. ಆದರೆ ಮೇಲಿನ 50 ರ‍್ಯಾಂಕುಗಳಲ್ಲಿ ಅವುಗಳ ಪಾಲು 6, ಅಂದ್ರೆ 12 ಪರ್ಸೆಂಟು. ಆಹಾ, ಸಣ್ಣ ಶಾಲೆಯೇ ಒಳ್ಳೇದು ಅಂದುಕೊಳ್ಳೋ ಹೊತ್ತಿಗೆ ಪಟ್ಟಿಯ ಕೆಳಗಿನ 50 ನೋಡಿದ್ರೆ ಅಲ್ಲೂ ಅವೇ... 9, ಅಂದ್ರೆ 18 ಪರ್ಸೆಂಟು! ನಮ್ಮಕ್ಕನ ಶಾಲು ಮತ್ತು ಪತ್ರದ ಕಥೆಯೂ ಇಷ್ಟೇ.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಹಳೇ ಮದ್ದಿದೆ, ಹೆಸರು ಶ್ರಿಂಕೇಜ್. ಕನ್ನಡದಲ್ಲಿ ಕುಗ್ಗಿಸೋದು ಅನ್ನಬಹುದು, ಆದರೆ ನನಗೆ ‘ಕಡೆಗೆ ಎಳೆಯೋದು’ ಅಂದ್ರೇನೇ ಸರಿ ಅನ್ಸುತ್ತೆ. ಪ್ರತಿ ಸೆಕ್ಷನ್ನಿನ ಸರಾಸರಿಯನ್ನೂ ಶಾಲೆಯ ಸರಾಸರಿ ಕಡೆಗೆ ಸ್ವಲ್ಪ ಎಳೀಬೇಕು. ಮಕ್ಕಳು ಕಡಿಮೆ ಇದ್ದಷ್ಟೂ ಜಾಸ್ತಿ ಎಳೀಬೇಕು, ಜಾಸ್ತಿ ಇದ್ದಷ್ಟೂ ಕಡಿಮೆ. ಅಕ್ಕನಿಗೆ ನಾನು ಹೇಳಿದ್ದು ಹೀಗೆ: “ಪ್ರತಿ ಕ್ಲಾಸಿಗೂ ಶಾಲೆಯ ಸರಾಸರಿಯಷ್ಟೇ ಅಂಕ ತಗೊಂಡ 9 ಜನ ಕಾಲ್ಪನಿಕ ಮಕ್ಕಳನ್ನ ತಂದು ಕೂರಿಸು. ಆಮೇಲೆ ಸರಾಸರಿ ತೆಗಿ.” ಸಿ ಸೆಕ್ಷನ್ನಿನಲ್ಲಿ 6 ನಿಜವಾದ ಮಕ್ಕಳ ಒಟ್ಟು ಅಂಕ 294. ತಲಾ 61ರಂತೆ 9 ಕಾಲ್ಪನಿಕ ಮಕ್ಕಳದ್ದು 549. ಕೂಡಿಸಿದ್ರೆ 843, ಅದನ್ನ 15ರಿಂದ ಭಾಗಿಸಿದ್ರೆ 56.2. ಅದೇ 9 ಜನ ಎ ಸೆಕ್ಷನ್ನಿಗೆ ಹೋಗಿ ಕೂತರೆ 52 ಜನರ ಗದ್ದಲದಲ್ಲಿ ಅವರ ಮಾತು ಯಾರೂ ಕೇಳಲ್ಲ. 63 ಇದ್ದಿದ್ದು 62.7 ಆಗುತ್ತೆ ಅಷ್ಟೆ.

ನಮ್ಮ ಜಾತಿಯವರಿಗೆ (ಸಾಫ್ಟ್‌ವೇರ್ ಜಾತಿ ಮಾರಾಯ್ರೆ!) ಇದು ಮೂರು ಸಾಲು:

```
def shrink(avg, n, school, k=9):
    w = n / (n + k)
    return school + w * (avg - school)
```

`shrink(49, 6, 61)` ಅಂದ್ರೆ 56.2 ಬರುತ್ತೆ. ಇಲ್ಲಿ `w` ಅನ್ನೋದು ಆ ಕ್ಲಾಸಿನ ಮಾತಿಗೆ ನಾವು ಕೊಡೋ ತೂಕ. 6 ಮಕ್ಕಳಿಗೆ 0.4, 52 ಮಕ್ಕಳಿಗೆ 0.85.

“ಅದೆಲ್ಲಾ ಸರಿ ಕಣೋ, 9 ಜನಾನೇ ಯಾಕೆ? 2 ಯಾಕಲ್ಲ, 40 ಯಾಕಲ್ಲ?” ಅಂದಳು ಅಕ್ಕ. ಗಣಿತ ಟೀಚರ್ ಅಲ್ವಾ, ಬಿಡ್ತಾಳಾ! ಇಡೀ ವಿದ್ಯೆಯ ಪ್ರಾಣ ಇರೋದೇ ಆ ಪ್ರಶ್ನೆಯಲ್ಲಿ. ಆ 9 ನಮ್ಮಿಷ್ಟದ ಸಂಖ್ಯೆ ಅಲ್ಲ, ಅದು ಅವಳ ಶಾಲೆಯ ರಿಜಿಸ್ಟರಿನಿಂದಲೇ ಬಂದಿದ್ದು. ಅದಕ್ಕೆ ಎರಡು ಅಳತೆ ಬೇಕು. ಮೊದಲನೇದು, ಒಂದೇ ಕ್ಲಾಸಿನ ಒಳಗೆ ಮಕ್ಕಳ ಅಂಕ ಎಷ್ಟು ಚದುರಿದೆ ಅನ್ನೋದು. ಅವಳ ಶಾಲೆಯಲ್ಲಿ ಮಾನಕ ವಿಚಲನೆ ಸುಮಾರು 18 ಅಂಕ, ಅದರ ವರ್ಗ 324. ಎರಡನೇದು, ಜಾಣ-ದಡ್ಡ, ಜ್ವರ-ಅದೃಷ್ಟ ಎಲ್ಲಾ ಬದಿಗಿಟ್ಟರೆ ಸೆಕ್ಷನ್ನು ಸೆಕ್ಷನ್ನಿನ ನಡುವೆ ನಿಜವಾಗಿ ಎಷ್ಟು ವ್ಯತ್ಯಾಸ ಇದೆ ಅನ್ನೋದು. ಇದು ನೇರವಾಗಿ ಕಾಣಲ್ಲ, ಕಳೆದು ತೆಗೀಬೇಕು.

ಅಕ್ಕ ಎಂಟು, ಒಂಬತ್ತು, ಹತ್ತನೇ ಕ್ಲಾಸುಗಳ ಎ, ಬಿ ಸೆಕ್ಷನ್ನುಗಳ ನಾಲ್ಕು ವರ್ಷದ ಸರಾಸರಿ ತಂದಳು, ಒಟ್ಟು 24. ಪ್ರತಿಯೊಂದೂ ಆ ವರ್ಷದ ಶಾಲೆಯ ಸರಾಸರಿಯಿಂದ ಎಷ್ಟು ದೂರ ಇದೆ ಅಂತ ನೋಡಿ, ಆ ದೂರಗಳ ವರ್ಗಗಳ ಸರಾಸರಿ ತೆಗೆದರೆ 42.5 ಬಂತು. ಆದರೆ ಇದರಲ್ಲಿ ಬರೀ ಅದೃಷ್ಟದ ಪಾಲೂ ಸೇರಿಕೊಂಡಿದೆ. ಸುಮಾರು 50 ಮಕ್ಕಳ ಕ್ಲಾಸಿನಲ್ಲಿ ಆ ಪಾಲು 324 ಭಾಗಿಸು 50, ಅಂದ್ರೆ 6.5. ಅದನ್ನ ಕಳೆದರೆ ಉಳಿಯೋದು 36. ಇದು ನಿಜವಾದ ವ್ಯತ್ಯಾಸ. 324 ಅನ್ನು 36ರಿಂದ ಭಾಗಿಸಿ... 9! ಕಾಲ್ಪನಿಕ ಮಕ್ಕಳ ಸಂಖ್ಯೆ ಸಿಕ್ತು. ಎಲ್ಲಾ ಸೆಕ್ಷನ್ನೂ ಹೆಚ್ಚೂಕಮ್ಮಿ ಒಂದೇ ಥರ ಇರೋ ಶಾಲೆಯಲ್ಲಿ ಆ 36 ಇನ್ನೂ ಸಣ್ಣದಾಗುತ್ತೆ, ಕಾಲ್ಪನಿಕ ಮಕ್ಕಳು ಜಾಸ್ತಿ ಬರ್ತಾರೆ. ಜಾಣರನ್ನೆಲ್ಲ ಒಂದೇ ಸೆಕ್ಷನ್ನಿಗೆ ತುಂಬೋ ಶಾಲೆಯಲ್ಲಿ ಅದು ದೊಡ್ಡದಾಗುತ್ತೆ, ಅವರು ಕಡಿಮೆಯಾಗ್ತಾರೆ. ಹಾಗಾಗಿ ಒಂದು ಶಾಲೆಯ 9 ಅನ್ನು ಇನ್ನೊಂದು ಶಾಲೆಗೆ ಕದ್ದೊಯ್ಯೋ ಹಾಗಿಲ್ಲ. 24 ಸರಾಸರಿಯಿಂದ ತೆಗೆದ 36 ಕೂಡ ಅಂದಾಜೇ. ಅದಕ್ಕೇ ನಾನು 9ರ ಬದಲು 6 ಮತ್ತು 14 ಹಾಕಿಯೂ ನೋಡಿದೆ. ಸಿ ಸೆಕ್ಷನ್ನು 55 ಮತ್ತು 57.4 ಆಯ್ತು. ಉತ್ತರ ಅಲ್ಲಾಡುತ್ತೆ, ಆದರೆ ಕಥೆ ಬದಲಾಗಲ್ಲ.

ಇಷ್ಟು ಹೊತ್ತಿಗೆ ಅಕ್ಕನಿಗೆ ಖುಷಿಯಾಗಿರಬೇಕು ಅಂದ್ಕೊಂಡ್ರಾ? ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಹಾಗಾದ್ರೆ ನನ್ನ ಆರು ಜನ ಎಷ್ಟೇ ಓದಿದ್ರೂ ಫಸ್ಟ್ ಬರೋ ಹಾಗಿಲ್ಲ ಅನ್ನು.” ಪ್ರಶ್ನೆ ಚುಚ್ಚಿತು. ನಿಜ ತಾನೇ? ಆರೂ ಮಕ್ಕಳು ಸೇರಿ 85 ಸರಾಸರಿ ತಂದ್ರೂ ಈ ಲೆಕ್ಕದಲ್ಲಿ ಅದು 70.6ಕ್ಕೆ ಇಳಿಯುತ್ತೆ. 52 ಮಕ್ಕಳ ಎ ಸೆಕ್ಷನ್ನು 73 ತಂದು 71.2 ಉಳಿಸಿಕೊಂಡು ಮುಂದೆ ಹೋಗುತ್ತೆ. ಬೈಗುಳದಿಂದ ಕಾಪಾಡೋ ಛತ್ರಿಯೇ ಹೊಗಳಿಕೆಗೂ ಅಡ್ಡ ಬರುತ್ತೆ. ಸಣ್ಣ ಕ್ಲಾಸು ನಿಜವಾಗಿಯೂ ತುಂಬಾ ಚೆನ್ನಾಗಿದ್ರೆ ಅದಕ್ಕೆ ಅನ್ಯಾಯ, ನಿಜವಾಗಿಯೂ ಕೆಟ್ಟದಾಗಿದ್ರೆ ಅದು ಬಚಾವು. ಎಲ್ಲಾ ಕ್ಲಾಸುಗಳನ್ನ ಒಟ್ಟಿಗೆ ನೋಡಿದಾಗ ತಪ್ಪು ಕಡಿಮೆಯಾಗುತ್ತೆ ಅನ್ನೋದಷ್ಟೇ ಈ ವಿಧಾನ ಕೊಡೋ ಭರವಸೆ. ನಿಮ್ಮೊಂದು ಕ್ಲಾಸಿಗೆ ನ್ಯಾಯ ಸಿಗುತ್ತೆ ಅಂತ ಅದು ಮಾತು ಕೊಟ್ಟಿಲ್ಲ.

ಇನ್ನೊಂದು ಮಾತೂ ಹೇಳಬೇಕು. ಸಿ ಸೆಕ್ಷನ್ನನ್ನ 61ರ ಕಡೆಗೆ ಎಳೀವಾಗ, ಅದು ಉಳಿದ ಸೆಕ್ಷನ್ನುಗಳ ಥರದ್ದೇ ಒಂದು ಸೆಕ್ಷನ್ನು ಅಂತ ಒಪ್ಪಿಕೊಂಡ ಹಾಗಾಯ್ತು. ಅಲ್ಲಿ ಮನೇಲಿ ಪುಸ್ತಕ ಹಿಡಿದು ಕೂರಿಸೋರು ಯಾರೂ ಇಲ್ಲದ ಮಕ್ಕಳೇ ಸೇರ್ತಾರೆ ಅಂತಾದ್ರೆ 61 ಸರಿಯಾದ ಗುರಿಯೇ ಅಲ್ಲ. ಅದೇ ಥರದ ಬೇರೆ ಶಾಲೆಗಳ ಕನ್ನಡ ಮಾಧ್ಯಮ ಸೆಕ್ಷನ್ನುಗಳ ಸರಾಸರಿ ಕಡೆಗೆ ಎಳೀಬೇಕಾಗುತ್ತೆ. ಆ ಅಂಕಗಳು ನಮ್ಮ ಕೈಯಲ್ಲಿ ಇರಲಿಲ್ಲ.

ಅಕ್ಕನ ಪ್ರಶ್ನೆಗೆ ಇರೋ ಪ್ರಾಮಾಣಿಕ ಉತ್ತರ ಒಂದೇ: ಮಕ್ಕಳು ಕಡಿಮೆ ಇದ್ರೆ ವರ್ಷಗಳನ್ನ ಜಾಸ್ತಿ ಮಾಡು. ಈ ವರ್ಷ 6 ಮಕ್ಕಳು, ಶಾಲೆಗಿಂತ 12 ಕಡಿಮೆ. ಹೋದ ವರ್ಷ 5 ಮಕ್ಕಳು, ಶಾಲೆಯ ಸರಾಸರಿ 60 ಇದ್ದಾಗ 14 ಜಾಸ್ತಿ. ಅದರ ಹಿಂದಿನ ವರ್ಷ 7 ಮಕ್ಕಳು, 3 ಜಾಸ್ತಿ. ಮಕ್ಕಳ ಲೆಕ್ಕದಲ್ಲಿ ಕೂಡಿಸಿದ್ರೆ 72 ಕಳೆದು, 70 ಮತ್ತು 21 ಸೇರಿಸಿ, ಉಳಿಯೋದು 19. ಅದನ್ನ 18 ಮಕ್ಕಳಿಂದ ಭಾಗಿಸಿದ್ರೆ ತಲಾ 1 ಅಂಕ ಜಾಸ್ತಿ. ಈಗ 18 ಮಕ್ಕಳಿರೋದ್ರಿಂದ ತೂಕ 0.4 ಅಲ್ಲ, 27ಕ್ಕೆ 18, ಅಂದ್ರೆ 0.67. ಎಳೆದ ಮೇಲೆ ಉಳಿಯೋದು ಶಾಲೆಯ ಸರಾಸರಿಗಿಂತ 0.7 ಅಂಕ ಮೇಲೆ. ಅಂದ್ರೆ ಮೂರು ವರ್ಷ ಅವಳು ಪಾಠ ಮಾಡಿದ ಸಿ ಸೆಕ್ಷನ್ನು ಗಣಿತದಲ್ಲಿ ಶಾಲೆಯ ಉಳಿದೆಲ್ಲರ ಹಾಗೇ ಇದೆ. ಪ್ರತಿ ವರ್ಷ ಬೇರೆ ಮಕ್ಕಳು ಅನ್ನೋದನ್ನ ಮರೀಬಾರದು, ಆದರೆ ಪತ್ರ ಬಂದಿದ್ದು ಟೀಚರಿಗೆ, ಟೀಚರು ಮಾತ್ರ ಮೂರೂ ವರ್ಷ ಅವಳೇ.

ಅಕ್ಕ ಸಮಜಾಯಿಷಿಯಲ್ಲಿ ಸೂತ್ರ ಗೀತ್ರ ಏನೂ ಬರೀಲಿಲ್ಲ. ಮೂರು ವರ್ಷದ ಸರಾಸರಿಗಳನ್ನ, ಪಕ್ಕದಲ್ಲಿ ಮಕ್ಕಳ ಸಂಖ್ಯೆಯನ್ನ ಒಂದು ಪುಟ್ಟ ಕೋಷ್ಟಕ ಮಾಡಿ ಹಾಕಿದಳು. ಕೆಳಗೆ ಒಂದೇ ವಾಕ್ಯ: ಈ ಲೆಕ್ಕದ ಪ್ರಕಾರ ಈ ವರ್ಷದ ಪತ್ರವೂ ನನಗೆ ಸಲ್ಲಬೇಕಾದ್ದಲ್ಲ, ಹೋದ ವರ್ಷದ ಶಾಲೂ ಅಲ್ಲ. ಆ ಎರಡನೇ ಅರ್ಧ ಬೇಡ ಕಣೇ ಅಂತ ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ :)