ಕಿಟಕಿಯಾಚೆ ಗುಬ್ಬಿ, ಕಿಟಕಿಯೊಳಗೆ ಕಟಕಟ

ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಈ ನೋಟ ನಿಮಗೆ ಹೊಸದೇನಲ್ಲ. ನಮ್ಮ ಝಳಕಿಯಲ್ಲಿ ಅಂಗಳದಲ್ಲಿ ಜೋಳ ಒಣಹಾಕಿದರೆ ಸಾಕು, ಗುಬ್ಬಿಗಳು ಬಂದು ಕೂರುತ್ತವೆ. ಒಳಗೆ ಕಿಟಕಿಯ ಜಾಳಿಗೆಗೆ ಮೂಗು ತಾಗಿಸಿ ಕುಳಿತ ಬೆಕ್ಕಿನ ದವಡೆ ಪಟಪಟನೆ ಅದುರತೊಡಗುತ್ತದೆ. ಹಲ್ಲು ಕಡಿದಂತೆ ‘ಕ್-ಕ್-ಕ್’ ಎಂಬ ಸದ್ದು, ನಡುವೆ ಸಣ್ಣ ಚಿಲಿಪಿಲಿ. "ಬೆಕ್ಕಿಗೆ ಚಳಿ ಹತ್ತಿದೆ" ಎಂದು ಮಕ್ಕಳು ನಗುತ್ತಾರೆ. ಬಿರುಬೇಸಿಗೆಯಲ್ಲಿ ಎಂಥ ಚಳಿ!

ಇದಕ್ಕೆ ಹೆಚ್ಚಾಗಿ ಹೇಳುವ ಕಾರಣ ಎರಡು. ಬೆಕ್ಕು ಬೇಟೆಯನ್ನು ಕೊಲ್ಲುವುದು ಕುತ್ತಿಗೆಯ ಹಿಂಬದಿಗೆ ಬಾಯಿ ಹಾಕಿ. ಕೋರೆಹಲ್ಲು ಎರಡು ಮೂಳೆಗಳ ಸಂದಿಗೆ ಇಳಿದು ಬೆನ್ನುಹುರಿಯನ್ನು ಕತ್ತರಿಸುತ್ತದೆ. ಕೈಗೆಟುಕದ ಹಕ್ಕಿಯನ್ನು ಕಂಡಾಗ ಆ ಕಡಿತವನ್ನೇ ಅದು ಗಾಳಿಯಲ್ಲಿ ಕಡಿಯುತ್ತದೆ ಎಂಬುದು ಒಂದು ವಾದ.

ಇನ್ನೊಂದು ವಾದ ಕೇಳಲು ಇನ್ನೂ ಸೊಗಸಾಗಿದೆ: ಬೆಕ್ಕು ಹಕ್ಕಿಯ ದನಿಯನ್ನು ಅನುಕರಿಸಿ ಅದನ್ನು ಮೋಸಗೊಳಿಸುತ್ತದಂತೆ. ಇದಕ್ಕೆ ಬ್ರೆಜಿಲ್‌ನ ಒಂದು ಘಟನೆಯನ್ನು ಉದಾಹರಿಸುತ್ತಾರೆ. 2005ರಲ್ಲಿ ಅಮೆಜಾನ್ ಕಾಡಿನಲ್ಲಿ ಟ್ಯಾಮರಿನ್ ಎಂಬ ಪುಟ್ಟ ಕೋತಿಗಳ ಗುಂಪು ಮರವೊಂದರಲ್ಲಿ ಹಣ್ಣು ತಿನ್ನುತ್ತಿತ್ತು. ಮಾರ್ಗೇ ಎಂಬ ಕಾಡುಬೆಕ್ಕು ಮರೆಯಲ್ಲಿ ಅಡಗಿ ಕೋತಿಮರಿಯ ದನಿ ತೆಗೆಯಿತು. ಕಾವಲಿನ ಕೋತಿ ಏನೆಂದು ನೋಡಲು ಬಂತು. ಆದರೆ ಬೆಕ್ಕು ಹೊರಬಂದದ್ದೇ ತಡ ಅದು ಕಿರುಚಿ ಎಚ್ಚರಿಸಿತು, ಗುಂಪೆಲ್ಲ ಪಾರಾಯಿತು. ಸಂಶೋಧಕರು 2009ರಲ್ಲಿ ಇದನ್ನು ಪ್ರಕಟಿಸಿದರು.

ಆದರೆ ಅದು ಕಾಡುಬೆಕ್ಕು, ಅದೂ ಒಂದೇ ಸಲ ಕಂಡದ್ದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಧ್ವನಿವಿಜ್ಞಾನಿ ಸುಸಾನ್ ಶೋಟ್ಸ್ 2013ರಲ್ಲಿ ಮೂರು ಸಾಕುಬೆಕ್ಕುಗಳ ಇಂಥ ಸದ್ದುಗಳನ್ನು ಮುದ್ರಿಸಿ ಪರಿಶೀಲಿಸಿದರು. ಹಲ್ಲಿನ ಕಟಕಟದಲ್ಲಿ ಗಂಟಲಿನ ದನಿಯೇ ಇಲ್ಲ, ಚಿಲಿಪಿಲಿಯಲ್ಲಿ ಇದೆ. ಒಂದೇ ಎಂದು ನಾವು ಕೇಳುವುದು ನಿಜಕ್ಕೂ ಬೇರೆ ಬೇರೆ ಸದ್ದುಗಳು.

ನೀವೇ ಒಂದೆರಡು ದಿನ ಗಮನಿಸಿ ನೋಡಿ. ಅಂಗಳಕ್ಕಿಳಿದ ಬೆಕ್ಕು ಹೊಟ್ಟೆಯನ್ನು ನೆಲಕ್ಕಂಟಿಸಿ ಹೊಂಚುವಾಗ ಸಾಮಾನ್ಯವಾಗಿ ಉಸಿರೂ ಕೇಳಿಸದು. ಸದ್ದಿನಿಂದ ಹಕ್ಕಿಯನ್ನು ಸೆಳೆಯುವುದಾದರೆ ಅಲ್ಲಿಯೇ ಅದು ಬೇಕಿತ್ತಲ್ಲವೇ? ಛಾವಣಿಗೆ ಅಂಟಿದ ಹಲ್ಲಿಯನ್ನು ಕಂಡೂ ಕೆಲವು ಬೆಕ್ಕುಗಳು ಹೀಗೆಯೇ ದವಡೆ ಅದುರಿಸುತ್ತವೆ, ಹಲ್ಲಿಗೆ ಹಾಡೆಲ್ಲಿಯದು? ಹಾಗಾಗಿ ಕಣ್ಣಿಗೆ ಕಂಡು ಬಾಯಿಗೆ ಸಿಗದ ಬೇಟೆಯ ತಹತಹ ದವಡೆಗೆ ಇಳಿಯುತ್ತದೆ ಎಂಬುದೇ ನನಗೆ ಹೆಚ್ಚು ಒಪ್ಪುವ ಮಾತು. ಪಕ್ಕಾ ರುಜುವಾತು ಮಾತ್ರ ಇನ್ನೂ ಯಾರಿಗೂ ಸಿಕ್ಕಿಲ್ಲ.

ಒಂದನ್ನು ಮಾತ್ರ ಬೇರ್ಪಡಿಸಿ ನೋಡಬೇಕು. ಎದುರಿಗೆ ಹಕ್ಕಿಯಾಗಲಿ ಹಲ್ಲಿಯಾಗಲಿ ಇಲ್ಲದೆಯೇ, ವಿಶೇಷವಾಗಿ ತಿನ್ನುವಾಗ, ದವಡೆ ಅದುರಿದರೆ, ಜೊಲ್ಲು ಸುರಿದರೆ, ಒಂದೇ ಬದಿಯಲ್ಲಿ ಅಗಿದರೆ ಅದು ಹಲ್ಲುನೋವು. ಹಲ್ಲಿನ ಬುಡ ಸವೆದು ಒಳಗಿನ ನರ ತೆರೆದುಕೊಳ್ಳುವ ಕಾಯಿಲೆ ಬೆಕ್ಕುಗಳಲ್ಲಿ ಸಾಮಾನ್ಯ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ; ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಪಶುವೈದ್ಯರಿಗೇ ತೋರಿಸಿ.