ಒಂದು ರೂಪಾಯಿಯ ವರ್ಣನೆ

ನಾವು ಮಾಸ್ತರಿಕೆ ಮಾಡಿದವರು. ಹುಡುಗರ ವಹಿಗಳ ಮೇಲೆ 'ಗುಡ್' ಎಂದೂ 'ವೆರಿ ಗುಡ್' ಎಂದೂ ಬರೆಯುವದರಲ್ಲಿ ನಮ್ಮ ಆಯುಷ್ಯದ ಬಹುಭಾಗ ಕಳೆದಿದೆ. ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ಅದೇ 'ಗುಡ್' ಶಬ್ದಕ್ಕಿರುವ ಅರ್ಥವನ್ನು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಬೆರಗಾದಾರು. ಅಲ್ಲಿ 'ಗುಡ್' ಎಂದರೆ ಬಹುಮಟ್ಟಿಗೆ ಸವೆದುಹೋದದ್ದು. ರಾಜನ ಮುಖದ ಹೊರಗೆರೆ ಉಳಿದಿದೆ, ಒಳಗಿನ ಕಣ್ಣು ಕಿವಿಗಳು ಹೋಗಿವೆ ಎಂದು ತಿಳಿಯತಕ್ಕದ್ದು. ಅದರ ಮೇಲೆ 'ವೆರಿ ಗುಡ್', ಅದರ ಮೇಲೆ 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರೀಮ್ಲಿ ಫೈನ್' ಎಂಬ ಮೆಟ್ಟಿಲುಗಳಿವೆ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಚಲಾವಣೆಯಲ್ಲಿ ಸವೆಯದೆ ಉಳಿದದ್ದಕ್ಕೆ 'ಅನ್‌ಸರ್ಕ್ಯುಲೇಟೆಡ್' ಎಂದು ಹೆಸರು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೇರಿಕನ್ ಗೃಹಸ್ಥನು ತನ್ನ ನಾಡಿನ ತಾಮ್ರದ ಸೆಂಟುಗಳಿಗಾಗಿ 70 ಗುಣಗಳ ಒಂದು ಮಾಪನವನ್ನು ಹಾಕಿಕೊಟ್ಟನು. ಈಗ ಎಲ್ಲ ನಾಣ್ಯಗಳಿಗೂ ಅದನ್ನೇ ಹಚ್ಚುತ್ತಾರೆ. ಎಪ್ಪತ್ತಕ್ಕೆ ಪರೀಕ್ಷೆಯಾದರೂ ಇಲ್ಲಿ 'ವೆರಿ ಫೈನ್' ಎಂಬ ಹೊಗಳಿಕೆಗೆ ಇಪ್ಪತ್ತು ಗುಣ ಸಾಕು. ಯಾವ ಶಾಲೆಯಲ್ಲಿಯೂ ಇಷ್ಟು ಉದಾರ ಪರೀಕ್ಷಕರಿಲ್ಲ.

ಈ ಶಬ್ದಗಳೆಲ್ಲ ಸವೆತವೊಂದನ್ನೇ ಅಳೆಯುತ್ತವೆ ಎಂಬುದನ್ನು ಮೊದಲು ಮನಗಾಣಬೇಕು. ನಾಣ್ಯವು ನಿಜವಾದದ್ದೋ, ತೊಳೆದದ್ದೋ, ಕೊರಳಲ್ಲಿ ಕಟ್ಟಿದ್ದೋ, ಯಾರ ಕೈಯಿಂದ ಬಂದದ್ದೋ ಎಂಬುದನ್ನು ಅವು ಹೇಳಲಾರವು. ಅದನ್ನು ಬೇರೆಯಾಗಿ ಬರೆಯಬೇಕು. ಬರೆಯಲು ಬಾರದಿದ್ದರೆ, ಬಾರದೆಂದು ಬರೆಯಬೇಕು.

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಒಬ್ಬ ಆಯಿಯ ದೇವರ ಪೆಟ್ಟಿಗೆಯಲ್ಲಿ 1911ರ ಒಂದು ರೂಪಾಯಿ ಇದ್ದಿತು. ಮೊಮ್ಮಗಳ ಕಾಲೇಜಿನ ಶುಲ್ಕಕ್ಕಾಗಿ ಅದನ್ನು ಮಾರುವದೆಂದು ಮನೆಯವರು ನಿಶ್ಚಯಿಸಿದರು. ಸಂಗ್ರಾಹಕರಿಗೆ ಕಳಿಸತಕ್ಕ ವರ್ಣನೆಯನ್ನು ಬರೆಯುವ ಕೆಲಸ ನಮಗೆ ಬಂದಿತು. ಮೊಮ್ಮಗನು ನಾಣ್ಯವನ್ನು ತರುವಾಗಲೇ ವಾಕ್ಯವನ್ನೂ ಸಿದ್ಧಪಡಿಸಿಕೊಂಡು ಬಂದಿದ್ದನು. "ಮಾಸ್ತರ, ಅನ್‌ಸರ್ಕ್ಯುಲೇಟೆಡ್ ಅಂತ ಬರೀರಿ. ದಿಲ್ಲಿ ದರಬಾರದಾಗ ನಮ್ಮ ಮುತ್ತಜ್ಜಗ ಕೊಟ್ಟದ್ದು ಅಂತನೂ ಬರೀರಿ. ಯಾರು ನೋಡ್ಯಾರ?" ಎಂದನು. ಪೆಟ್ಟಿಗೆಯಲ್ಲಿದ್ದ 1918ರ ಇನ್ನೊಂದು ರೂಪಾಯಿಯನ್ನೂ ತರಲು ನಾವು ಅವನಿಗೆ ಹೇಳಿದೆವು.

1911ರ ರೂಪಾಯಿಗೆ ಬೆಲೆ ಬರಲು ಕಾರಣವಾದದ್ದು ಒಂದು ಆನೆ. ಐದನೆಯ ಜಾರ್ಜನ ಮೊದಲ ರೂಪಾಯಿ ಅದೇ ವರ್ಷ ಅಚ್ಚಾಯಿತು. ಅರಸನ ನಿಲುವಂಗಿಯ ಮೇಲೆ ಇಂಡಿಯನ್ ಎಂಪೈರ್ ಎಂಬ ಬಿರುದಿನ ಸರವಿದೆ; ಆ ಸರದಲ್ಲಿ ಸಣ್ಣದೊಂದು ಆನೆಯಿದೆ. ಕೆತ್ತನೆಯಲ್ಲಿ ಸೊಂಡಿಲು ಗಿಡ್ಡಾಗಿ, ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಅಸಮಾಧಾನವೆದ್ದಿತು, ಸರಕಾರವು ನಾಣ್ಯವನ್ನು ತಡೆಹಿಡಿಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ ಸುಮಾರು 7 ಲಕ್ಷ ಮಾತ್ರ ಹೊರಗೆ ಹೋಗಿದ್ದವು, ಉಳಿದವುಗಳನ್ನು ಕರಗಿಸಿದರು. 1912ರಿಂದ ಮುಂದಿನ ರೂಪಾಯಿಗಳಲ್ಲಿ ಆನೆಯನ್ನು ತಿದ್ದಿ ಕೆತ್ತಲಾಗಿದೆ. ಸಂಗ್ರಾಹಕರು ಹಳೆಯದನ್ನು ಇಂದಿಗೂ 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ.

ಬೆಲೆ ಇದ್ದಲ್ಲಿ ಕೈಚಳಕವೂ ಇರುತ್ತದೆ. ಸಾಮಾನ್ಯವಾಗಿ ಸಿಗುವ 1917ರ ಅಥವಾ 1912ರ ನಾಣ್ಯದ ಕೊನೆಯ ಅಂಕೆಯನ್ನು ಅರದಿಂದ ಕೆರೆದು ಒಂದನ್ನಾಗಿ ಮಾಡುವದು ಕಷ್ಟದ ಕೆಲಸವಲ್ಲ. ಅದನ್ನು ಪತ್ತೆಹಚ್ಚುವ ಸಾಧನವು ನಾಣ್ಯದಲ್ಲಿಯೇ ಇದೆ. 1911 ಎಂಬಲ್ಲಿ ಒಂದು ಎಂಬ ಅಂಕೆ ಮೂರು ಸಲ ಬರುತ್ತದೆ. ಭೂತಗನ್ನಡಿಯಲ್ಲಿ ಮೂರನ್ನೂ ಹೋಲಿಸಿ ನೋಡಿದರೆ ದಪ್ಪ, ತಲೆಯ ಬಾಗು, ಪಾದದ ಅಗಲ, ನೆಲದಿಂದ ಎದ್ದು ನಿಂತ ಎತ್ತರ ಇವೆಲ್ಲ ಒಂದೇ ಆಗಿರಬೇಕು. ಕೊನೆಯ ಒಂದರ ಸುತ್ತಲಿನ ನೆಲ ತಗ್ಗಾಗಿದ್ದರೆ, ಅಥವಾ ಅಲ್ಲಿ ಮಾತ್ರ ಗೀರುಗಳಿದ್ದರೆ ಸಂಶಯಪಡತಕ್ಕದ್ದು. ನಮ್ಮ ಕೈಯಲ್ಲಿದ್ದ ನಾಣ್ಯದಲ್ಲಿ ಮೂರೂ ಸಮವಾಗಿದ್ದವು. ಬಳಿಕ 1918ರ ನಾಣ್ಯವನ್ನು ಪಕ್ಕದಲ್ಲಿಟ್ಟು ಆನೆಗಳನ್ನು ನೋಡಿದೆವು. ಎರಡನೆಯದರಲ್ಲಿ ಸೊಂಡಿಲು ಕೆಳಗೆ ಇಳಿದು ಸ್ಪಷ್ಟವಾಗಿತ್ತು; ಆಯಿಯ ನಾಣ್ಯದಲ್ಲಿ ಮೂತಿ ಮೊಟಕು. ಕಿವಿಯ ಗೆರೆ ಸವೆದಿದ್ದರೂ ಹೊರಗೆರೆಯಲ್ಲಿ ಈ ಭೇದವು ಉಳಿದಿದ್ದಿತು. ಇನ್ನಷ್ಟು ಸವೆದ ನಾಣ್ಯವಾಗಿದ್ದರೆ ಆನೆಯು ಬರಿಯ ಗುಬ್ಬೆಯಾಗಿ, ಸಾಕ್ಷಿ ನುಡಿಯುತ್ತಿರಲಿಲ್ಲ.

ಲೋಹದ ಮಾತಿಗೆ ಸರಾಫಕಟ್ಟೆಯ ಪತ್ತಾರರಲ್ಲಿಗೆ ಹೋದೆವು. ಈ ರೂಪಾಯಿಯ ಮೂಲ ತೂಕವು ಸರಿಯಾಗಿ ಒಂದು ತೊಲೆ, ಎಂದರೆ 11.66 ಗ್ರಾಂ; ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ನಮ್ಮದು 11.52 ಗ್ರಾಂ ತೂಗಿತು. ಸವೆತದಿಂದ ಇಷ್ಟು ಕಡಿಮೆಯಾಗುವದು ಸಹಜವೇ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು, ಅಂಕೆಯನ್ನು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಪೂರ್ಣ ಮುಳುಗಿಸಿದೆವು. ಗುಳ್ಳೆಗಳು ಅಂಟಿದ್ದರೆ ಲೆಕ್ಕ ತಪ್ಪುವದು. ಅವನ್ನು ಕಡ್ಡಿಯಿಂದ ಬಿಡಿಸಿದೆವು. ತಕ್ಕಡಿ 1.12 ತೋರಿಸಿತು. ಇದು ನಾಣ್ಯವು ಪಕ್ಕಕ್ಕೆ ಸರಿಸಿದ ನೀರಿನ ತೂಕ. 11.52ನ್ನು 1.12ರಿಂದ ಭಾಗಿಸಿದರೆ 10.29 ಬರುತ್ತದೆ. ಈ ಮಿಶ್ರಣದ ಬೆಳ್ಳಿಯ ಸಾಂದ್ರತೆ ಸುಮಾರು 10.3. ಅದೇ ತೂಕದ ಜರ್ಮನ್ ಸಿಲ್ವರಿನ ತುಂಡಾಗಿದ್ದರೆ ತಕ್ಕಡಿ 1.32ರ ಆಸುಪಾಸು ತೋರಿಸುತ್ತಿತ್ತು. ಏಳನೆಯ ಇಯತ್ತೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಆರ್ಕಿಮಿಡೀಸನ ಪಾಠವನ್ನು ಬಾಯಿಪಾಠ ಮಾಡಿಸುವದಕ್ಕಿಂತ ಇದನ್ನು ಮಾಡಿಸುವದು ಮೇಲೆಂದು ನಮ್ಮ ಮತ.

ಆದರೂ ಈ ಪರೀಕ್ಷೆಯ ಮಿತಿಯನ್ನು ಮರೆಯಬಾರದು. ಆ ತಕ್ಕಡಿಯಲ್ಲಿ ಒಂದು ಅಂಕೆಯ ಏರಿಳಿತವಾದರೆ ಉತ್ತರವು 10.19ರಿಂದ 10.38ರ ವರೆಗೆ ಓಡಾಡುತ್ತದೆ. ಆದ್ದರಿಂದ 'ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಎಂದು ಸಿದ್ಧವಾಗಿದೆ' ಎಂದು ಬರೆಯಬರುವದಿಲ್ಲ. 'ಬೆಳ್ಳಿಗೆ ಹೊಂದುತ್ತದೆ' ಎನ್ನಬಹುದು. ಅದಕ್ಕೂ ದೊಡ್ಡ ತೊಡಕೆಂದರೆ, ಸವೆದ ಹಳೆಯ ರೂಪಾಯಿಗಳನ್ನೇ ಕರಗಿಸಿ ಕಳ್ಳ ಅಚ್ಚಿನಲ್ಲಿ ಒತ್ತಿದ್ದರೆ ನೀರು ಅದನ್ನೂ ನಿಜವೆಂದೇ ಹೇಳುವದು. ನೀರಿಗೆ ಲೋಹ ತಿಳಿಯುತ್ತದೆ, ಟಂಕಸಾಲೆ ತಿಳಿಯುವದಿಲ್ಲ.

ಟಂಕಸಾಲೆಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇವೆ. ಮುಂಬಯಿಯ ರೂಪಾಯಿಗೆ ಹಿಂಬದಿಯಲ್ಲಿ, ಕೆಳಗಿನ ತಾವರೆಯ ಬುಡದಲ್ಲಿ, ಒಂದು ಸಣ್ಣ ಚುಕ್ಕೆಯಿರುತ್ತದೆ, ಕಲಕತ್ತೆಯದಕ್ಕೆ ಇಲ್ಲ. ನಮ್ಮ ನಾಣ್ಯದಲ್ಲಿ ಆ ಸ್ಥಳವೇ ಉಜ್ಜಿಹೋಗಿತ್ತು. ಚುಕ್ಕೆ ಕಾಣದ್ದರಿಂದ ಕಲಕತ್ತೆಯದೆಂದು ಬರೆದರೆ, ಗೈರುಹಾಜರಾದ ಹುಡುಗನನ್ನು ಮೂಕನೆಂದು ಬರೆದಂತಾದೀತು.

ಇನ್ನು ಸವೆತ. ಕಿರೀಟದ ಪಟ್ಟಿಗಳು ಕಾಣುತ್ತಿದ್ದವು, ಮಣಿಗಳು ಮಾತ್ರ ಒಂದಕ್ಕೊಂದು ಕೂಡಿಹೋಗಿದ್ದವು; ಹುಬ್ಬು ಚಪ್ಪಟೆಯಾಗಿತ್ತು; ಗಡ್ಡದ ಎತ್ತರದ ಭಾಗ ನುಣುಪಾಗಿತ್ತು; ಅಕ್ಷರಗಳೆಲ್ಲ ಪೂರ್ಣ. ಇದು 'ವೆರಿ ಫೈನ್', ಅದಕ್ಕೆ ಮೇಲಲ್ಲ. ಮೊಮ್ಮಗನಿಗೆ ಅದರ ಹೊಳಪೇ ಸಮಾಧಾನವಾಗಿತ್ತು. ಆದರೆ ಟಂಕಸಾಲೆಯ ಹೊಳಪಿನ ರೀತಿಯೇ ಬೇರೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಬೆಳಕು ಗಾಲಿಯ ಅರಗಳಂತೆ ಸುತ್ತುತ್ತದೆ. ಆಯಿಯ ರೂಪಾಯಿಯಲ್ಲಿ ಬೆಳಕು ನಿಂತಲ್ಲಿಯೇ ನಿಂತಿತು. ಭೂತಗನ್ನಡಿಯಲ್ಲಿ ಕೂದಲಿನಂಥ ಗೀರುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದ್ದವು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ಮುಂಚೆ ಹುಣಿಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತ ಬಂದುದಾಗಿ ಆಯಿ ತಾವಾಗಿಯೇ ಹೇಳಿದರು. ಭಕ್ತಿಯಿಂದಾದರೂ ತಿಕ್ಕಿದ್ದು ತಿಕ್ಕಿದ್ದೇ. ಇನ್ನೊಂದು ಗುರುತು ಅಂಚಿನಲ್ಲಿತ್ತು. ಸುತ್ತಲೂ ಇರುವ ಹಲ್ಲಿನ ಸಾಲು ಅರಸನ ಕಿರೀಟದ ಮೇಲ್ಗಡೆ ಜೋಳದ ಕಾಳಿನಷ್ಟಗಲ ಮುರಿದು, ಅಲ್ಲಿ ಬೆಸುಗೆಯ ಬೂದುಬಣ್ಣ ಉಳಿದಿತ್ತು. ಯಾವಾಗಲೋ ಕೊಂಡಿ ಕೂಡಿಸಿ ಸರಕ್ಕೆ ಪೋಣಿಸಿದ್ದರು. ಅದನ್ನು ಅರದಿಂದ ಒಪ್ಪವಿಟ್ಟು ಕೊಡಲೇ ಎಂದು ಪತ್ತಾರರು ಕೇಳಿದರು. ನಾವು ಬೇಡವೆಂದೆವು.

ದಿಲ್ಲಿ ದರಬಾರವು 1911ರ ಡಿಸೆಂಬರ 12ರಂದು ನಡೆದದ್ದು ನಿಜ. ನಾಣ್ಯವು ಅದೇ ವರ್ಷದ್ದೆಂಬುದೂ ನಿಜ. ಇವೆರಡು ನಿಜಗಳ ನಡುವೆ ಮುತ್ತಜ್ಜನನ್ನು ನಿಲ್ಲಿಸಲು ಒಂದು ಚೀಟಿಯಾಗಲಿ, ಪಟವಾಗಲಿ ಮನೆಯಲ್ಲಿರಲಿಲ್ಲ.

ಕೊನೆಗೆ ನಾವು ಬರೆದದ್ದು ಹೀಗೆ: "ಐದನೆಯ ಜಾರ್ಜ್, ಒಂದು ರೂಪಾಯಿ, 1911, ಮೊದಲ ಆನೆಯ ಅಚ್ಚು. ಸವೆತದ ಮಟ್ಟಿಗೆ ವೆರಿ ಫೈನ್. ಹಿಂದೆ ತಿಕ್ಕಿ ತೊಳೆದದ್ದು, ಗೀರುಗಳಿವೆ. ಅಂಚಿನಲ್ಲಿ ತೆಗೆದ ಕೊಂಡಿಯ ಬೆಸುಗೆಯಿದೆ, ಚಿತ್ರ ನೋಡಿರಿ. ತೂಕ 11.52 ಗ್ರಾಂ, ನೀರಿನ ಪರೀಕ್ಷೆಯು ಬೆಳ್ಳಿಗೆ ಹೊಂದುತ್ತದೆ. ವರ್ಷದ ಅಂಕೆ ತಿದ್ದಿದ ಗುರುತು ನಮಗೆ ಕಂಡಿಲ್ಲ. ಟಂಕಸಾಲೆ ಯಾವದೆಂದು ಹೇಳಲಾರೆವು. ಪರಿಣತರಿಗೆ ತೋರಿಸಿಲ್ಲ, ಅವರು ನಿಜವಲ್ಲವೆಂದರೆ ಒಂದು ತಿಂಗಳೊಳಗೆ ಹಣ ಮರಳಿಸಲಾಗುವದು. ದಿಲ್ಲಿ ದರಬಾರದಲ್ಲಿ ದೊರೆತದ್ದೆಂದು ಮನೆಯವರ ಹೇಳಿಕೆ, ದಾಖಲೆಯಿಲ್ಲ."

ಓದಿ ಹೇಳಿದಾಗ ಮೊಮ್ಮಗನ ಮುಖ ಬಾಡಿತು. ಆಯಿ ಕೊನೆಯ ಸಾಲನ್ನು ಮತ್ತೊಮ್ಮೆ ಓದಿಸಿದರು. "ನಮ್ಮ ಮಾವನೋರು ಸುಳ್ಳು ಹೇಳೋರಲ್ಲ, ಮಾಸ್ತರ," ಎಂದರು. ಸುಳ್ಳೆಂದು ಎಲ್ಲಿಯೂ ಬರೆದಿಲ್ಲವೆಂದು ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ 'ಮನೆಯವರು' ತಗದು 'ಸೊಸಿ' ಅಂತ ಬರೀರಿ. ಕೇಳಿದಾಕಿ ನಾನು," ಎಂದರು. ಹಾಗೆಯೇ ತಿದ್ದಿದೆವು.

ಪುಣೆಯಿಂದ ಬಂದ ಸಂಗ್ರಾಹಕರು ಬೆಸುಗೆಯನ್ನು ಬಹಳ ಹೊತ್ತು ನೋಡಿದರು. ಮೊಮ್ಮಗನು ಎಣಿಸಿದ್ದಕ್ಕಿಂತ ಕಡಿಮೆ ಕೊಟ್ಟರು. ಆ ವರ್ಷದ ಶುಲ್ಕದ ಮೊದಲ ಕಂತಿಗೆ ಅದು ಸಾಕಾಯಿತು. ಒಂದು ತಿಂಗಳು ಮುಗಿಯುವ ವರೆಗೆ ಆಯಿ ಆ ಹಣವನ್ನು ಮುಟ್ಟಗೊಡಲಿಲ್ಲ.