ಇಪ್ಪತ್ತು ಸಾಲಿನ ಎರಡು ಹಾಳೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಂದು ಭಾನುವಾರ ಸಂತೆ ನಡೆಯುತ್ತೆ. ಕ್ಲಬ್‌ಹೌಸ್ ಮುಂದೆ ಹದಿನೈದಿಪ್ಪತ್ತು ಟೇಬಲ್ ಹಾಕುತ್ತಾರೆ, ಟೇಬಲ್ಲಿಗೆ 500 ರೂಪಾಯಿ ಬಾಡಿಗೆ. ಸಂಜೆ ಐದರಿಂದ ಒಂಬತ್ತು. ಬಹಳ ಜನ ಆ ನಾಲ್ಕು ಗಂಟೆಯಲ್ಲಿ ಎಷ್ಟು ಮಾರಾಟ ಆಯ್ತು ಅಂತ ಲೆಕ್ಕ ಹಾಕಿ, ಲಾಭ ಬಂದರೆ ಇನ್ನೊಂದು ಸಲ ಬರುತ್ತಾರೆ, ಬರದಿದ್ದರೆ ಬಿಡುತ್ತಾರೆ. ಅವ್ವನ ಶೇಂಗಾ ಚಟ್ನಿಗೆ ಟೇಬಲ್ ಹಾಕೋಣ ಅಂದಾಗ ನಾನು ಲೆಕ್ಕವನ್ನು ಉಲ್ಟಾ ಶುರು ಮಾಡಿದೆ. ನಮಗೆ ಬೇಕಾಗಿದ್ದು ಒಂದು ದಿನದ ಗಿರಾಕಿಗಳಲ್ಲ, ತಿಂಗಳು ತಿಂಗಳು ತಗೊಳ್ಳೋ ಮನೆಗಳು.

ಯಾಕೆ ಅಂತ ಹೇಳ್ತೀನಿ. ಗದಗದಲ್ಲಿ ಅವ್ವ ಎರಡು ಅಂಗಡಿಗೆ ಚಟ್ನಿ ಹಾಕುತ್ತಿದ್ದಳು. ಅಪ್ಪ ಹೋದ ಮೇಲೆ ಒಬ್ಬಳೇ ಇರೋದು ಬೇಡ ಅಂತ ಬೆಂಗಳೂರಿಗೆ ಕರ್ಕೊಂಡು ಬಂದೆ. ನಾನು ದಿನವಿಡೀ ಲ್ಯಾಪ್‌ಟಾಪ್ ಮುಂದೆ, ಅವಳು ಬಾಲ್ಕನಿಯಲ್ಲಿ. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಅಂದಳು, "ಹಿಂಗ ಗ್ವಾಡಿ ನೋಡ್ಕೋತ ಎಷ್ಟ ದಿನಾ ಕುಂದರ್ಲೋ? ನಿನ್ನ ಕಡೆ ರೊಕ್ಕಾ ಕೇಳಾಕ ನನಗ ಆಗೂದಿಲ್ಲ. ದೀಪಾವಳಿ ತನಕ ನೋಡ್ತೀನಿ. ಇಲ್ಲಂದ್ರ ನಾನು ಗದಗಕ್ಕ ಹೊಂಟೆ." ಅವಳು ಸುಮ್ಮನೆ ಹೆದರಿಸೋಕೆ ಮಾತಾಡೋಳಲ್ಲ.

ಹಾಗಾಗಿ ಮೊದಲು ಕೇಳಿದ ಪ್ರಶ್ನೆ ಇದು: ಅವಳು ಎಷ್ಟು ಮಾಡಬಲ್ಲಳು? ಶೇಂಗಾ ಹುರಿದು, ಸಿಪ್ಪೆ ತೆಗೆದು, ಮಿಕ್ಸಿಯಲ್ಲಿ ಒಂದೊಂದು ಸುತ್ತು ತಿರುವಿ ನಿಲ್ಲಿಸಬೇಕು. ಒಂದೇ ಸಮ ಓಡಿಸಿದರೆ ಕಾಳು ಬಿಸಿಯಾಗಿ ಎಣ್ಣೆ ಬಿಡುತ್ತೆ, ಪುಡಿ ಹೋಗಿ ಮುದ್ದೆಯಾಗುತ್ತೆ. ಹೀಗೆ ತಾಳ್ಮೆಯಿಂದ ಮಾಡಿದರೆ ಒಂದು ದಿನಕ್ಕೆ ಎರಡೂವರೆ ಕಿಲೋ. ವಾರಕ್ಕೊಂದು ದಿನ ಅಂದರೆ ತಿಂಗಳಿಗೆ 10 ಕಿಲೋ, ಅಂದರೆ 250 ಗ್ರಾಮಿನ 40 ಪ್ಯಾಕೆಟ್. ಆದ್ದರಿಂದ ನಮಗೆ ಬೇಕಾದ ಹೆಸರುಗಳೂ 40. ಇಪ್ಪತ್ತು ಸಾಲಿನ ಎರಡು ಹಾಳೆ. ಇನ್ನೂರು ನಂಬರ್ ಬರೆಸಿಕೊಂಡು ನೂರಾ ಅರವತ್ತು ಜನಕ್ಕೆ "ಸ್ಟಾಕ್ ಇಲ್ಲ" ಅನ್ನೋದಕ್ಕಿಂತ ಇದು ವಾಸಿ.

ಮುಂದೆ ಬ್ಯಾನರ್. ಅವ್ವನಿಗೆ ಅದು "ಶೇಂಗಾ ಹಿಂಡಿ". ನಮ್ಮ ಕಡೆ ಎಲ್ಲರೂ ಹಾಗೇ ಅನ್ನೋದು. ಆದರೆ ಬೆಂಗಳೂರು, ಮೈಸೂರು ಕಡೆಯವರಿಗೆ ಹಿಂಡಿ ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯೋ, ಹಸುವಿಗೆ ಹಾಕೋ ಹಿಂಡಿ. ಪಕ್ಕದ ಮನೆಯ ಆಂಟಿಗೆ ಓದಿ ಹೇಳಿದಾಗ ಅವರು ನಕ್ಕಿದ್ದು ನೋಡಿ "ಶೇಂಗಾ ಚಟ್ನಿಪುಡಿ" ಅಂತ ಬದಲಾಯಿಸಿದ್ವಿ. ಅದರ ಕೆಳಗೆ ಒಂದೇ ಸಾಲು: "ಗದಗದ ಕೈರುಚಿ. ತಿಂದು ನೋಡಿ." ಬೆಲೆ, ಫೋನ್ ನಂಬರು, ಚಟ್ನಿಯ ಚರಿತ್ರೆ ಯಾವುದೂ ಬೇಡ. ನಡೆದುಹೋಗುವವರು ಬ್ಯಾನರ್ ನೋಡೋದು ಎರಡು ಮೂರು ಸೆಕೆಂಡು. ಇದೇನು ಅಂತ ಗೊತ್ತಾಗಿ ಕಾಲು ನಿಂತರೆ ಅದರ ಕೆಲಸ ಮುಗಿಯಿತು.

ಅಕ್ಷರದ ಗಾತ್ರಕ್ಕೆ ಬೋರ್ಡ್ ಬರೆಯುವವರ ಒಂದು ಅಂದಾಜಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. ನಮಗೆ ಮೂವತ್ತು ಅಡಿಯಿಂದ ಕಾಣಬೇಕಿತ್ತು, ಮೂರು ಇಂಚು ಸಾಕು. ಆದರೆ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ. "ಚಟ್ನಿ"ಯ ಒತ್ತು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಟ್ಟು, ಮೂಲ ಅಕ್ಷರವನ್ನು ನಾಲ್ಕು ಇಂಚು ಮಾಡಿದೆ.

ಪ್ರಿಂಟಿಂಗ್ ಅಂಗಡಿಯಲ್ಲಿ ಒಂದು ವಿಷಯ ಗಮನಿಸಿ. ನಾವು ಫೋನಿನಲ್ಲಿ ಟೈಪ್ ಮಾಡೋದು ಯೂನಿಕೋಡ್. ಎಷ್ಟೋ ಅಂಗಡಿಗಳ ಡಿಸೈನ್ ಸಾಫ್ಟ್‌ವೇರಿನಲ್ಲಿ ಇನ್ನೂ ಹಳೆಯ ಫಾಂಟುಗಳಿವೆ. ವಾಟ್ಸಾಪಿನಲ್ಲಿ ಕಳಿಸಿದ ಕನ್ನಡವನ್ನು ಅಲ್ಲಿ ಅಂಟಿಸಿದರೆ ಒತ್ತು ಪಕ್ಕಕ್ಕೆ ಹಾರುತ್ತೆ, ಇಲ್ಲವೇ ಅರ್ಧ ಅಕ್ಷರ ಮಾಯ. ಕನ್ನಡ ಓದಲು ಬಾರದ ಹುಡುಗ ಡಿಸೈನ್ ಮಾಡುತ್ತಿದ್ದರೆ ಅವನಿಗೆ ಅದು ಗೊತ್ತೂ ಆಗಲ್ಲ. ನಾನು ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಾಯಿಸಿ ಪಿಡಿಎಫ್ ಮಾಡಿ ಕೊಟ್ಟೆ, ಪ್ರಿಂಟಿಗೆ ಮುಂಚೆ ಪರದೆಯ ಮೇಲೆ ಒಂದು ಸಲ ಓದಿದೆ. ಆರಡಿ ಅಗಲ, ಮೂರಡಿ ಎತ್ತರ, 450 ರೂಪಾಯಿ. ಅದನ್ನು ಟೇಬಲ್ ಮುಂದೆ ಕಟ್ಟಲಿಲ್ಲ. ನಾಲ್ಕು ಜನ ನಿಂತರೆ ಕಾಲುಗಳ ಹಿಂದೆ ಮುಚ್ಚಿಹೋಗುತ್ತೆ. ಹಿಂದುಗಡೆ, ತಲೆಗಿಂತ ಮೇಲೆ ಕಟ್ಟಿದ್ವಿ.

ರುಚಿ ತೋರಿಸೋದನ್ನು ಎರಡು ಹಂತ ಮಾಡಿದ್ವಿ. ಮೊದಲನೆಯದು ಎಲ್ಲರಿಗೂ: ಕಡಕ್ ಜೋಳದ ರೊಟ್ಟಿಯ ಚೂರು, ಅದರ ಮೇಲೆ ಒಂದು ಚಿಟಿಕೆ ಚಟ್ನಿ, ಒಂದು ಹನಿ ಕುಸುಬೆ ಎಣ್ಣೆ. ಒಂದು ರೊಟ್ಟಿಗೆ ಎಂಟು ಚೂರು, ಹದಿನೈದು ರೊಟ್ಟಿಗೆ 120 ಚೂರು. ಚಟ್ನಿ ಚೂರಿಗೆ ಮೂರು ಗ್ರಾಮ್, ಒಟ್ಟು 360 ಗ್ರಾಮ್. ರೊಟ್ಟಿ ಮೆತ್ತಗಾಗದಂತೆ ಸ್ಟೀಲ್ ಡಬ್ಬಿಯಲ್ಲಿಟ್ಟು ಜನ ಬಂದಾಗಲೇ ಮುರಿಯಬೇಕು. ಕೊಡುವ ಮುಂಚೆ "ಶೇಂಗಾ ಅಲರ್ಜಿ ಇಲ್ಲ ತಾನೇ?" ಅಂತ ಕೇಳಲೇಬೇಕು, ಮಕ್ಕಳಿದ್ದರೆ ಅವರ ಅಪ್ಪ ಅಮ್ಮನನ್ನು ಕೇಳಬೇಕು.

ಎರಡನೆಯದು ಹಾಳೆಯಲ್ಲಿ ಹೆಸರು ಬರೆದವರಿಗೆ ಮಾತ್ರ: 50 ಗ್ರಾಮಿನ ಪೊಟ್ಟಣ. ಸಂತೆಯಲ್ಲಿ ನಿಂತು ತಿಂದ ಚೂರು ಚೆನ್ನಾಗಿದೆ ಅನ್ನಿಸೋದು ಸುಲಭ. ಆದರೆ ಚಟ್ನಿ ಮನೆಗೆ ಸೇರುತ್ತೋ ಇಲ್ಲವೋ ಅನ್ನೋದು ಸೋಮವಾರ ಬೆಳಗಿನ ದೋಸೆಯ ಜೊತೆ ತೀರ್ಮಾನ ಆಗುತ್ತೆ. ಮೂರು ಜನರ ಮನೆಯಲ್ಲಿ ತಲೆಗೊಂದು ಚಮಚದಂತೆ 50 ಗ್ರಾಮ್ ಮೂರು ದಿನ ಬರುತ್ತೆ. ಭಾನುವಾರ ಕೊಟ್ಟರೆ ಬುಧವಾರ ಖಾಲಿ. ನಾವು ಮೆಸೇಜ್ ಮಾಡೋದೂ ಬುಧವಾರ ಸಂಜೆ.

ಪ್ಯಾಕೆಟ್ ದೊಡ್ಡದಿರಲಿ ಚಿಕ್ಕದಿರಲಿ, ಲೇಬಲ್ ಬೇಕು. ಎಫ್‌ಎಸ್‌ಎಸ್‌ಎಐ ನೋಂದಣಿ ಆನ್‌ಲೈನಿನಲ್ಲೇ ಆಗುತ್ತೆ. ಆ ಹದಿನಾಲ್ಕು ಅಂಕಿಯ ನಂಬರು, ಏನೇನು ಹಾಕಿದೆ, ತೂಕ, ಬೆಲೆ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ವಿಳಾಸ, ಸಸ್ಯಾಹಾರದ ಹಸಿರು ಗುರುತು ಎಲ್ಲ ಹಾಕಿದ್ವಿ.

ಈಗ ಹಾಳೆಯ ವಿಷಯ. ಅವಸರದಲ್ಲಿ, ನಿಂತುಕೊಂಡು ಬರೆದ ನಂಬರಿನಲ್ಲಿ ಒಂದು ಯಾವುದು ಏಳು ಯಾವುದು ಗೊತ್ತಾಗಲ್ಲ, ಒಂಬತ್ತೇ ಅಂಕಿ ಬರೆದು ಹೋಗೋರೂ ಇರ್ತಾರೆ. ಅದಕ್ಕೆ ನಂಬರಿನ ಜಾಗದಲ್ಲಿ ಹತ್ತು ಚೌಕ ಪ್ರಿಂಟ್ ಮಾಡಿದೆ. ಒಂದು ಚೌಕ ಖಾಲಿ ಉಳಿದರೆ ಬರೆದವರಿಗೇ ಕಾಣುತ್ತೆ. ಜೊತೆಗೆ ಹೆಸರು, ಫ್ಲ್ಯಾಟ್ ನಂಬರು, ಮತ್ತೆ "ಯಾವುದರ ಜೊತೆ ತಿಂತೀರಿ?" ಅನ್ನೋ ಕಾಲಂ, ಅಷ್ಟೇ. ಇಮೇಲು, ಹುಟ್ಟಿದ ದಿನ ಕೇಳಿದರೆ ಜನ ಪೆನ್ ಕೆಳಗಿಡುತ್ತಾರೆ.

ಇನ್ನೊಂದು ತೊಡಕು ಅವ್ವನಿಗೆ ಹೊಳೆಯಿತು. "ಹೆಣ್ಮಕ್ಕಳು ತಮ್ಮ ನಂಬರ ಬರದು ಹೋದ್ರ ಹಿಂದ ಬಂದಾವ್ರು ಎಲ್ಲಾರೂ ಓದ್ತಾರಲ್ಲೋ?" ನಿಜ. ಹೆಸರು, ಫೋನು, ಫ್ಲ್ಯಾಟು ಮೂರೂ ಒಂದೇ ಸಾಲಿನಲ್ಲಿ ತೆರೆದಿಡೋದು ಸರಿಯಲ್ಲ. ಒಂದು ದಪ್ಪ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿದ್ವಿ. ಒಬ್ಬರು ಬರೆದಾದ ಮೇಲೆ ಅವ್ವ ರಟ್ಟನ್ನು ಕೆಳಗೆ ಸರಿಸುತ್ತಾಳೆ. ರಟ್ಟಿನ ಮೇಲೆ ಹೀಗೆ ಬರೆದೆ: "ಚಟ್ನಿ ಮಾಡುವ ದಿನ ತಿಳಿಸಲು ಮಾತ್ರ ಈ ನಂಬರು. ಬೇರೆ ಯಾರಿಗೂ ಕೊಡುವುದಿಲ್ಲ. 'ಬೇಡ' ಅಂತ ಕಳಿಸಿದರೆ ಅಳಿಸುತ್ತೇವೆ." ಯಾವ ಉದ್ದೇಶಕ್ಕೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು ಅನ್ನೋದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಕೂಡ. ಆದರೆ ಕಾಯ್ದೆಗಿಂತ ಹೆಚ್ಚಾಗಿ, ಆ ಮೂರು ಸಾಲು ಓದಿದ ಮೇಲೆ ಜನ ನಿಜವಾದ ನಂಬರು ಬರೆಯುತ್ತಾರೆ.

ಖಾಲಿ ಹಾಳೆಯಲ್ಲಿ ಮೊದಲು ಬರೆಯೋಕೆ ಯಾರಿಗೂ ಮನಸ್ಸಾಗಲ್ಲ. ಆಗಲೇ ನಮ್ಮ ಚಟ್ನಿ ತಿನ್ನುತ್ತಿದ್ದ ಆಂಟಿ ಮೊದಲ ಸಾಲು ತುಂಬಿದರು. ಪೆನ್ ಕೊಡಬೇಕಾದ ಹೊತ್ತು ರೊಟ್ಟಿ ಚೂರು ಬಾಯಿಗೆ ಹೋದ ಮೇಲೆ, ಮುಂಚೆ ಅಲ್ಲ. ತಿಂದು ಮುಖ ಅರಳಿದವರಿಗೆ ಮಾತ್ರ ಅವ್ವ ಕೇಳುತ್ತಿದ್ದಳು, "ಸಣ್ಣ ಪಾಕೀಟ ಕೊಡ್ತೀನ್ರಿ, ಮನ್ಯಾಗ ತಿಂದು ನೋಡ್ರಿ. ಬುಧವಾರ ನನ್ನ ಮಗ ಕೇಳ್ತಾನ."

ಆ ದಿನದ ಖರ್ಚು ಹೀಗಿತ್ತು: ಟೇಬಲ್ 500, ಬ್ಯಾನರ್ 450, ರೊಟ್ಟಿ ಮತ್ತು ರುಚಿಯ ಚಟ್ನಿ ಸುಮಾರು 240, ಪೊಟ್ಟಣಗಳಿಗೆ 600. ಒಟ್ಟು 1790. 120 ರೂಪಾಯಿಯ ಪ್ಯಾಕೆಟ್ಟಿನಲ್ಲಿ ನಮಗೆ ಉಳಿಯೋದು 60. ಅಂದರೆ 30 ಪ್ಯಾಕೆಟ್ ಮಾರಿದರೆ ಸರಿ ಹೋಗುತ್ತೆ. ಮಾರಿದ್ದು 22. ಕೈಯಿಂದ 470 ರೂಪಾಯಿ ಹೋಯ್ತು. ಟೇಬಲ್ ಮಡಚುವಾಗ ಅವ್ವನ ಮುಖ ಸಪ್ಪಗಿತ್ತು. ಆದರೆ ಹಾಳೆಯಲ್ಲಿ 38 ಸಾಲು ತುಂಬಿತ್ತು.

ಬುಧವಾರ ನಾನು ಬ್ರಾಡ್‌ಕಾಸ್ಟ್ ಮಾಡಲಿಲ್ಲ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟ್ ಮೆಸೇಜು ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಹೊಸ ಗಿರಾಕಿ ಯಾರೂ ಸೇವ್ ಮಾಡಿರಲ್ಲ, ನಮಗೋ ಹೋಯಿತು ಅಂತಲೇ ಕಾಣುತ್ತೆ. 38 ಜನಕ್ಕೂ ಬೇರೆ ಬೇರೆಯಾಗಿ, ಅವರ ಹೆಸರು ಹಾಕಿ ಬರೆದೆ. ದೋಸೆ ಅಂತ ಬರೆದವರಿಗೆ "ದೋಸೆ ಜೊತೆ ಹೇಗಿತ್ತು?" ಅಂತ ಕೇಳಿದೆ. ಒಂದು ಗಂಟೆಯ ಕೆಲಸ. ಗುರುವಾರ ರಾತ್ರಿಯೊಳಗೆ ಹೇಳಿದರೆ ಶುಕ್ರವಾರ ಮಾಡಿ ಶನಿವಾರ ಬಾಗಿಲಿಗೆ ತರುತ್ತೇವೆ ಅಂತ ತಿಳಿಸಿದೆ.

24 ಜನ ಉತ್ತರ ಕೊಟ್ಟರು. ಏಳು ಜನ ರುಚಿ ಚೆನ್ನಾಗಿದೆ, ಮಕ್ಕಳಿಗೆ ಖಾರ ಅಂದರು. ಉಳಿದ 17 ಜನ ಪ್ಯಾಕೆಟ್ ಹೇಳಿದರು. ಅವ್ವ ಗುಂಟೂರು ಮೆಣಸಿನಕಾಯಿ ಬಿಟ್ಟು ಬರೀ ಬ್ಯಾಡಗಿ ಹಾಕಿ ಇನ್ನೊಂದು ಪಾಕ ಮಾಡಿದಳು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಏಳರಲ್ಲಿ ಐದು ಮನೆ ಮುಂದಿನ ವಾರ ತಗೊಂಡವು. ಉತ್ತರ ಕೊಡದವರಿಗೆ ಇನ್ನೊಂದೇ ಸಲ ಬರೆದು ಸುಮ್ಮನಾದ್ವಿ. ಈಗ ಖಾಯಂ ಮನೆಗಳು 26. ಶನಿವಾರ ಪ್ಯಾಕೆಟ್ ಕೊಡೋಕೆ ಹೋದ ಅವ್ವ ಮನೆಗೆ ಬರೋದು ಒಂದೂವರೆ ತಾಸಿನ ಮೇಲೆ.

ದೀಪಾವಳಿಗೆ ಅವಳು ಗದಗಕ್ಕೆ ಹೊರಟಳು. ಟಿಕೆಟ್ ಬುಕ್ ಮಾಡೋಕೆ ಫೋನ್ ತೆಗೆದಾಗ ಹೇಳಿದಳು, "ಬರೂದಕ್ಕೂ ಮಾಡು. ಬುಧವಾರದೊಳಗ ಇಲ್ಲಿ ಇರಬೇಕು. ಮತ್ತ ಬರೂವಾಗ ಶೇಂಗಾ ಚೀಲಾ ಇರ್ತದ, ಸ್ಟೇಷನ್ನಿಗೆ ನೀನ ಬಾ."